ಮಾಸ್ಕ್ ಬಲ್ಲವರಿಗೆ ಮುಖ ಬದಲಿಸುವ ನೆಟ್‌ವರ್ಕ್: ಒಂದು ತಿಂಗಳ ಓದು

ಫೋಟೋ ಎಡಿಟಿಂಗ್‌ನಲ್ಲಿ ಲೇಯರ್ ಮಾಸ್ಕ್ ಹಾಕಿ ಒಬ್ಬರ ಮುಖದ ಮೇಲೆ ಇನ್ನೊಬ್ಬರ ಮುಖ ಕೂರಿಸಿದವರಿಗೆ ಒಂದು ಹಂತದಲ್ಲಿ ಬೇಜಾರಾಗುತ್ತದೆ. ಒಂದು ಫೋಟೋಗೆ ಅರ್ಧ ಗಂಟೆ ಹಿಡಿಯಿತು ಅಂದುಕೊಳ್ಳಿ. ಎರಡು ನಿಮಿಷದ ವಿಡಿಯೋದಲ್ಲಿ, ಸೆಕೆಂಡಿಗೆ 30ರಂತೆ, 3,600 ಫ್ರೇಮ್ ಇರುತ್ತವೆ. ಆಗಲೇ ನ್ಯೂರಲ್ ನೆಟ್‌ವರ್ಕ್ ಕಡೆ ಕಣ್ಣು ಹೋಗುವುದು. ನಾನೂ ಹಾಗೇ ಹೋದವನು. ಮಾಸ್ಕ್ ಗೊತ್ತಿದ್ದರೆ ಒಂದು ತಿಂಗಳು ಸಾಕು. ಆದರೆ ಆ ತಿಂಗಳನ್ನು ನಾಲ್ಕು ಸಮಭಾಗ ಮಾಡಬೇಡಿ. ಮೊದಲ ವಾರ ಹಗುರ, ನಡುವಿನ ಎರಡು ವಾರ ಭಾರ.

ಮೊದಲ ವಾರ ನೆಟ್‌ವರ್ಕ್ ಸುದ್ದಿಗೇ ಹೋಗಬೇಡಿ. ಇಷ್ಟು ದಿನ ಬ್ರಷ್‌ನಲ್ಲಿ ಮಾಡಿದ್ದನ್ನು ಪೈಥಾನ್‌ನಲ್ಲಿ ಮಾಡಿ. ಮಾಸ್ಕ್ ಅಂದರೆ ಪ್ರತಿ ಪಿಕ್ಸೆಲ್‌ಗೂ 0ರಿಂದ 1ರವರೆಗಿನ ಒಂದು ಸಂಖ್ಯೆ, ಅಷ್ಟೇ.

```python
out = mask * face + (1 - mask) * frame
```

ಗಲ್ಲದ ಅಂಚಿನಲ್ಲಿ ಹೊಸ ಮುಖದ ಪಿಕ್ಸೆಲ್ 200, ಹಳೇ ಫ್ರೇಮ್‌ನದು 120, ಮಾಸ್ಕ್ 0.25 ಎಂದರೆ ಬರುವುದು 50 ಮತ್ತು 90 ಸೇರಿ 140. ಬ್ರಷ್‌ನ ಅಂಚು ಮೃದು ಮಾಡಿದಾಗ ಆಗುತ್ತಿದ್ದುದೂ ಇದೇ. ಮುಖವನ್ನು ಸರಿಯಾದ ಜಾಗಕ್ಕೆ ತಿರುಗಿಸಿ ಕೂರಿಸಲು ಕಣ್ಣು, ಮೂಗು, ದವಡೆಯ ಗುರುತುಗಳು ಬೇಕು. `dlib` ಎಂಬ ಲೈಬ್ರರಿ ಬಳಸಿದರೆ ಅಂಥ 68 ಬಿಂದುಗಳು ಸಿಗುತ್ತವೆ. ವಾರದ ಕೊನೆಗೆ ಒಂದು ಮುಖವನ್ನು ಕತ್ತರಿಸಿ, ನೇರ ಮಾಡಿ, ಮತ್ತೆ ಅದೇ ಜಾಗಕ್ಕೆ ಗೆರೆ ಕಾಣದಂತೆ ಅಂಟಿಸಲು ಬಂದರೆ ಮುಂದೆ ಹೋಗಬಹುದು. ಬರದಿದ್ದರೆ ಇಲ್ಲೇ ಇರಿ. ನೆಟ್‌ವರ್ಕ್ ತಯಾರಿಸುವುದು ಒಂದು ಸಣ್ಣ ಚೌಕದ ಮುಖವನ್ನು ಮಾತ್ರ. ಅದನ್ನು ಫ್ರೇಮ್‌ಗೆ ವಾಪಸ್ ಕೂರಿಸುವ ಕೆಲಸ ಕೊನೆಗೂ ನಿಮ್ಮ ತಲೆಗೇ ಬರುತ್ತದೆ.

ಎರಡನೇ ವಾರ ಆಟೋಎನ್‌ಕೋಡರ್. 64×64 ಪಿಕ್ಸೆಲ್‌ನ ಬಣ್ಣದ ಮುಖ ಎಂದರೆ 12,288 ಸಂಖ್ಯೆಗಳು. ಎನ್‌ಕೋಡರ್ ಅದನ್ನು ಹಿಂಡಿ 1,024 ಸಂಖ್ಯೆಗಳಿಗೆ ಇಳಿಸುತ್ತದೆ. ಡಿಕೋಡರ್ ಆ 1,024ರಿಂದ ಮುಖವನ್ನು ಮತ್ತೆ ಬಿಡಿಸುತ್ತದೆ. ಜಾಗ ಕಡಿಮೆ ಇರುವುದರಿಂದ ಎಲ್ಲವನ್ನೂ ಹಾಗೇ ನಕಲು ಮಾಡಲಾಗುವುದಿಲ್ಲ. ತಲೆ ಎತ್ತ ತಿರುಗಿದೆ, ಬಾಯಿ ಎಷ್ಟು ತೆರೆದಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬಂಥ ಮುಖ್ಯ ಸಂಗತಿಗಳನ್ನು ಅದು ಹಿಡಿದಿಡಬೇಕು. ನಿಮ್ಮದೇ ಮುಖದ ಒಂದು ವಿಡಿಯೋ ಕೊಟ್ಟು ತರಬೇತಿ ಮಾಡಿ ನೋಡಿ. ಮೊದಲು ಕಂದು ಬಣ್ಣದ ಒಂದು ಮೋಡ ಕಾಣುತ್ತದೆ. ಆಮೇಲೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಹಲ್ಲು ಎಲ್ಲಕ್ಕಿಂತ ತಡವಾಗಿ ಮೂಡುತ್ತದೆ, ಅದೂ ಬಹಳ ಹೊತ್ತು ಒಂದೇ ಬಿಳಿ ಪಟ್ಟಿಯಂತೆ.

ಮೂರನೇ ವಾರಕ್ಕೆ ಇನ್ನೊಬ್ಬರು ಬೇಕು. ಸ್ನೇಹಿತರೊಬ್ಬರನ್ನು ಕೇಳಿ, ಯಾಕೆಂದು ಹೇಳಿ, ಒಪ್ಪಿದರೆ ಮಾತ್ರ ಅವರ ಮುಖ ಬಳಸಿ. ಇಂಟರ್ನೆಟ್‌ನಲ್ಲಿ ಸಿಕ್ಕವರ ಮುಖ ಬೇಡ. ಅದು ತಪ್ಪು ಎಂಬುದು ಒಂದು ಮಾತು. ಜೊತೆಗೆ ಕಲಿಕೆಗೂ ಅದು ಕೆಟ್ಟದ್ದು, ಏಕೆಂದರೆ ಬೆಳಕು ಮತ್ತು ಕೋನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಇದು ಎಷ್ಟು ಮುಖ್ಯ ಅಂತ ಈಗಲೇ ಗೊತ್ತಾಗುತ್ತದೆ.

ಮುಖ ಬದಲಾಯಿಸುವ ಉಪಾಯ ಇಷ್ಟೇ. ಎನ್‌ಕೋಡರ್ ಇಬ್ಬರಿಗೂ ಒಂದೇ, ಡಿಕೋಡರ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

```python
loss_a = l1(dec_a(enc(warp(a))), a)
loss_b = l1(dec_b(enc(warp(b))), b)
swap = dec_b(enc(a))
```

ನೀವು `a`, ಸ್ನೇಹಿತ `b`. ತರಬೇತಿಯಲ್ಲಿ ನಿಮ್ಮ ಮುಖವನ್ನು ಸ್ವಲ್ಪ ಸೊಟ್ಟ ಮಾಡಿ ಒಳಗೆ ಕಳಿಸುತ್ತೀರಿ, ಸರಿಯಾದ ಮುಖ ವಾಪಸ್ ಬರಬೇಕು ಎನ್ನುತ್ತೀರಿ. ಸ್ನೇಹಿತನ ಮುಖಕ್ಕೂ ಹಾಗೇ. ಹೀಗೆ ಸೊಟ್ಟ ಮಾಡುವುದರಿಂದ ನೆಟ್‌ವರ್ಕ್ ಸುಮ್ನೆ ನಕಲು ಹೊಡೆಯುವ ದಾರಿ ಮುಚ್ಚುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ಡಿಕೋಡರ್ ಅದಲು ಬದಲು. ನೀವು ನಕ್ಕರೆ ನಗುವಿನ ವಿವರ ಎನ್‌ಕೋಡರ್‌ನಿಂದ ಬರುತ್ತದೆ, ಅದನ್ನು ಸ್ನೇಹಿತನ ಮುಖವಾಗಿ ಅವನ ಡಿಕೋಡರ್ ಬಿಡಿಸುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಿದಿರಾ? ಆ ಕೊನೆಯ ಸಾಲಿಗೆ `loss`, ಅಂದರೆ ಬಂದ ಮುಖಕ್ಕೂ ಬರಬೇಕಾದ ಮುಖಕ್ಕೂ ಎಷ್ಟು ವ್ಯತ್ಯಾಸ ಎಂಬ ಅಂಕಿ, ಇಲ್ಲ. ಇರಲು ಸಾಧ್ಯವೂ ಇಲ್ಲ. ನಿಮ್ಮ ನಗುವನ್ನು ಸ್ನೇಹಿತ ನಕ್ಕಿರುವ ಫೋಟೋ ಜಗತ್ತಿನಲ್ಲೇ ಇಲ್ಲವಲ್ಲ, ಯಾವುದಕ್ಕೆ ಹೋಲಿಸುವುದು? ಅಂದರೆ ಪರದೆ ಮೇಲೆ ಇಳಿಯುತ್ತಿರುವ ಅಂಕಿ ಹೇಳುವುದು ಇಬ್ಬರೂ ತಮ್ಮ ತಮ್ಮ ಮುಖಕ್ಕೆ ಎಷ್ಟು ಚೆನ್ನಾಗಿ ವಾಪಸ್ ಬರುತ್ತಿದ್ದಾರೆ ಎಂಬುದನ್ನು ಮಾತ್ರ. ಅದಲು ಬದಲು ಹೇಗೆ ಆಗುತ್ತಿದೆ ಎಂಬುದಕ್ಕೆ ಕಣ್ಣೇ ಗತಿ.

ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ನನ್ನ ವಿಡಿಯೋ ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದದ್ದು, ಸ್ನೇಹಿತನದು ಹಗಲಲ್ಲಿ ಕಿಟಕಿ ಪಕ್ಕ. ಎರಡು ದಿನ ಓಡಿಸಿದೆ. ಅಂಕಿ ಚೆನ್ನಾಗಿ ಇಳಿಯಿತು, ಇಬ್ಬರ ಮುಖವೂ ಸ್ಪಷ್ಟವಾಗಿ ವಾಪಸ್ ಬಂತು. ಅದಲು ಬದಲು ಮಾಡಿದರೆ ಸಿಕ್ಕಿದ್ದು ಮಣ್ಣಿನ ಬಣ್ಣದ ಕಲಸು. ನಾನು ತಲೆ ತಿರುಗಿಸಿದರೂ ಆ ಮುಖ ತಿರುಗುತ್ತಿರಲಿಲ್ಲ. ಕಾರಣ ಸರಳ. ಹಳದಿ ಇದ್ದರೆ ನಾನು, ಬಿಳಿ ಇದ್ದರೆ ಅವನು ಎಂದು ಎನ್‌ಕೋಡರ್ ಸುಲಭವಾಗಿ ಗುರುತು ಹಿಡಿದಿತ್ತು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಭಾಷೆಯಲ್ಲಿ ಸಂಖ್ಯೆ ಬರೆಯುತ್ತಿತ್ತು. ಅವನ ಡಿಕೋಡರ್ ನನ್ನ ಭಾಷೆಯನ್ನು ಒಮ್ಮೆಯೂ ಓದಿರಲಿಲ್ಲ. ಎನ್‌ಕೋಡರ್‌ಗೆ ಯಾರ ಮುಖ ಎಂಬುದು ಆದಷ್ಟು ಗೊತ್ತಾಗದಿದ್ದರೇ ಈ ಉಪಾಯ ನಡೆಯುವುದು.

ಇಬ್ಬರನ್ನೂ ಒಂದೇ ಕಿಟಕಿ ಪಕ್ಕ ಕೂರಿಸಿ ಮತ್ತೆ ತೆಗೆದೆ. ಐದು ಫ್ರೇಮ್‌ಗೆ ಒಂದರಂತೆ ಆರಿಸಿದಾಗ ತಲಾ 720 ಮುಖ ಸಿಕ್ಕವು. ತರಬೇತಿ ವೇಳೆ ಬಣ್ಣವನ್ನೂ ಅಲ್ಲಲ್ಲಿ ಮನಸೋ ಇಚ್ಛೆ ಏರುಪೇರು ಮಾಡಿದೆ. ಈ ಸಲ ಮುಖ ತಿರುಗಿತು. ಆದರೂ ಎಡಕ್ಕೆ ಚೆನ್ನಾಗಿ ತಿರುಗಿ, ಬಲಕ್ಕೆ ಹೋದಾಗ ಕರಗುತ್ತಿತ್ತು. ನೋಡಿದರೆ ಸ್ನೇಹಿತ ಬಲಕ್ಕೆ ತಿರುಗಿದ ಚಿತ್ರ ಹತ್ತೂ ಇರಲಿಲ್ಲ. ಡಿಕೋಡರ್ ಕಂಡದ್ದನ್ನೇ ಬಿಡಿಸುತ್ತದೆ ಅಲ್ವಾ. ಕೆಟ್ಟ ಜಾಗ ಕಂಡಾಗಲೆಲ್ಲ ಇನ್ನೂ ಒಂದು ರಾತ್ರಿ ಓಡಿಸೋಣ ಎನಿಸುತ್ತದೆ. ಅದಕ್ಕಿಂತ ಅಂಥ ಐವತ್ತು ಚಿತ್ರ ಸೇರಿಸುವುದೇ ಜಾಸ್ತಿ ಉಪಯೋಗ.

ಈಗ ಒಂದೇ ಫೋಟೋ ಸಾಕೆನ್ನುವ ಸಿದ್ಧ ಮಾಡೆಲ್‌ಗಳೂ ಇವೆ. ಮುಖದ ಗುರುತನ್ನು 512 ಸಂಖ್ಯೆಗಳ ಪಟ್ಟಿ ಮಾಡಿ, ಅದರ ಸಹಾಯದಿಂದ ಬೇರೆ ಮುಖವನ್ನು ಬದಲಿಸುತ್ತವೆ. ಅವುಗಳಿಂದ ಶುರು ಮಾಡಿದರೆ ಫಲಿತಾಂಶ ಬೇಗ ಸಿಗುತ್ತದೆ, ಕೆಟ್ಟರೆ ಯಾಕೆ ಕೆಟ್ಟಿತು ಎಂದು ಮಾತ್ರ ತಿಳಿಯುವುದಿಲ್ಲ. ಈ ತಿಂಗಳು ಬಿಟ್ಟುಬಿಡಿ.

ಕೊನೆಯ ವಾರ ಮತ್ತೆ ಮಾಸ್ಕ್‌ಗೆ. ನೆಟ್‌ವರ್ಕ್ ಕೊಟ್ಟದ್ದು 64 ಪಿಕ್ಸೆಲ್, ಫ್ರೇಮ್‌ನಲ್ಲಿರುವ ಮುಖ 300 ಪಿಕ್ಸೆಲ್ ಆಗಿದ್ದರೆ ಹಿಗ್ಗಿಸಿದಾಗ ಕೆನ್ನೆ ಮೇಣದಂತೆ ನುಣ್ಣಗಾಗುತ್ತದೆ, ಕುತ್ತಿಗೆಯ ಚರ್ಮ ಮಾತ್ರ ಸಹಜವಾಗಿರುತ್ತದೆ. ಮುಖ ಚಿಕ್ಕದಾಗಿ ಕಾಣುವ ದೃಶ್ಯ ಆರಿಸಿಕೊಳ್ಳಿ. ಮಾಸ್ಕ್ ಅನ್ನು ದವಡೆಯ ಗೆರೆತನಕ ಒಯ್ದರೆ ಎರಡು ಗಲ್ಲ ಕಾಣುತ್ತವೆ, ಆದ್ದರಿಂದ ಮೊದಲು ಒಳಕ್ಕೆ ಕುಗ್ಗಿಸಿ, ಆಮೇಲೆ ಅಂಚು ಮಸುಕು ಮಾಡಿ. ಇನ್ನು ಮುಖ ನಡುಗುವುದು. ಬಿಂದುಗಳು ಫ್ರೇಮಿನಿಂದ ಫ್ರೇಮಿಗೆ ಒಂದೆರಡು ಪಿಕ್ಸೆಲ್ ಹಾರುವುದರಿಂದ ಹಾಗಾಗುತ್ತದೆ. ಅಕ್ಕಪಕ್ಕದ ಐದು ಫ್ರೇಮ್‌ಗಳ ಸರಾಸರಿ ಹಿಡಿದರೆ ಬಹುಪಾಲು ನಿಲ್ಲುತ್ತದೆ.

ನನ್ನ ವಿಡಿಯೋದಲ್ಲಿ ಒಂದು ಕಡೆ ನಾನು ಮೂಗು ಕೆರೆದುಕೊಂಡಿದ್ದೆ. ಬಿಂದುಗಳಿಂದ ಮಾಡಿದ ಮಾಸ್ಕ್‌ಗೆ ಕೈ ಎಂಬುದೊಂದು ಅಡ್ಡ ಬಂದಿದೆ ಎಂದು ಗೊತ್ತೇ ಇಲ್ಲ. ಬೆರಳಿನ ಮೇಲೆಯೇ ಸ್ನೇಹಿತನ ಮೂಗು ಮೂಡಿತ್ತು. 11 ಫ್ರೇಮ್. ಹಳೇ ಎಡಿಟರ್ ತೆರೆದು, ಆ ಹನ್ನೊಂದರಲ್ಲೂ ಬೆರಳಿನ ಜಾಗಕ್ಕೆ ಕಪ್ಪು ಬ್ರಷ್ ಎಳೆದೆ.