ಬರ್ತ್‌ಡೇ ಅಟ್ಯಾಕ್: 64 ಬಿಟ್ ಹ್ಯಾಶ್ ಯಾಕೆ 32 ಬಿಟ್‌ನಷ್ಟೇ ಗಟ್ಟಿ?

ಪಾಸ್‌ವರ್ಡ್ ಸೋರಿಕೆಯ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು 'ಬರ್ತ್‌ಡೇ ಅಟ್ಯಾಕ್ ಮಾಡಿ ಹ್ಯಾಶ್ ಒಡೆದಿದ್ದಾರೆ' ಎಂದು ಬರೆದುಬಿಡುತ್ತಾರೆ. ಇಲ್ಲ ಮಾರಾಯ್ರೆ. ಹ್ಯಾಶ್ ಎಂದರೆ ಯಾವುದೇ ಪಠ್ಯ ಅಥವಾ ಫೈಲ್‌ನಿಂದ ಲೆಕ್ಕ ಹಾಕಿ ತೆಗೆಯುವ, ನಿಗದಿತ ಉದ್ದದ ಒಂದು ಗುರುತು. ಕದ್ದ ಹ್ಯಾಶ್ ಇಟ್ಟುಕೊಂಡು ಅದರ ಪಾಸ್‌ವರ್ಡ್ ಹುಡುಕುವುದು ಬೇರೆಯೇ ಕೆಲಸ. ಇನ್ನು ಕೆಲವರು 'ನಮ್ಮದು 64 ಬಿಟ್ ಹ್ಯಾಶ್, ಕೊಲಿಷನ್ ಬೇಕಾದರೆ 2^64 ಸಲ ಪ್ರಯತ್ನಿಸಬೇಕು' ಎಂದು ಧೈರ್ಯವಾಗಿರುತ್ತಾರೆ. ಕೊಲಿಷನ್ ಎಂದರೆ ಎರಡು ಬೇರೆ ಬೇರೆ ಫೈಲ್‌ಗೆ ಒಂದೇ ಹ್ಯಾಶ್ ಬರುವುದು. ಎರಡೂ ತಪ್ಪಿನ ಬೇರು ಒಂದೇ. 'ಇದಕ್ಕೆ ಹೊಂದುವ ಇನ್ನೊಂದು' ಮತ್ತು 'ಹೊಂದುವ ಯಾವುದಾದರೂ ಎರಡು', ಈ ಎರಡು ಪ್ರಶ್ನೆಗಳನ್ನು ಇವರು ಒಂದೇ ಎಂದುಕೊಂಡಿದ್ದಾರೆ.

23 ಜನ ಸೇರಿದ ಕೋಣೆಯಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಸರಿಯಾಗಿ ಹೇಳಬೇಕೆಂದರೆ ಶೇಕಡಾ 50.7. ಇದು ಎಲ್ಲರೂ ಕೇಳಿರುವ ಲೆಕ್ಕ. ಆದರೆ ಕೇಳಿದವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ 'ನನ್ನ ಹುಟ್ಟುಹಬ್ಬದ ದಿನವೇ ಇನ್ನೊಬ್ಬರದೂ' ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಉತ್ತರವನ್ನು ನಂಬುವುದಿಲ್ಲ. ಅವರ ಪ್ರಶ್ನೆಗೆ ಉತ್ತರ 23 ಅಲ್ಲವೇ ಅಲ್ಲ. ನಿಮ್ಮ ದಿನಕ್ಕೆ ಹೊಂದುವವರು ಸಿಗುವ ಸಾಧ್ಯತೆ ಅರ್ಧ ಆಗಬೇಕಾದರೆ ಇನ್ನೂ 253 ಜನ ಬೇಕು.

253 ಎಲ್ಲಿಂದ ಬಂತು ನೋಡಿ. 23 ಜನರಲ್ಲಿ ಒಬ್ಬೊಬ್ಬರನ್ನೂ ಉಳಿದ 22 ಜನರೊಂದಿಗೆ ಜೋಡಿ ಮಾಡಿ. ಒಂದೇ ಜೋಡಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಅರ್ಧ ಮಾಡಿ: 23 × 22 / 2 = 253. ಒಂದು ಜೋಡಿ ಹೊಂದದೇ ಇರುವ ಸಾಧ್ಯತೆ 364/365. ಅದನ್ನು 253 ಸಲ ಗುಣಿಸಿದರೆ ಹತ್ತಿರಹತ್ತಿರ ಅರ್ಧ. ಅಂದರೆ ಅರ್ಧಕ್ಕೆ ಬರಲು ಬೇಕಾಗಿರುವುದು ಸುಮಾರು 253 ಹೋಲಿಕೆಗಳು. 'ನನ್ನ ದಿನ' ಎಂದು ಹಟ ಹಿಡಿದರೆ ಒಬ್ಬ ಹೊಸಬ ಬಂದಾಗ ಒಂದೇ ಹೋಲಿಕೆ ಸಿಗುತ್ತದೆ. 'ಯಾರಾದರೂ ಇಬ್ಬರು' ಎಂದರೆ ಹೊಸಬನನ್ನು ಒಳಗಿರುವ ಎಲ್ಲರೊಂದಿಗೂ ಹೋಲಿಸಬಹುದು. ಜನ ಹತ್ತುಪಟ್ಟಾದರೆ ಜೋಡಿಗಳು ಸುಮಾರು ನೂರುಪಟ್ಟಾಗುತ್ತವೆ. ಬರ್ತ್‌ಡೇ ಅಟ್ಯಾಕ್‌ನ ಗುಟ್ಟು ಇಷ್ಟೇ.

ಈಗ 365ರ ಜಾಗಕ್ಕೆ ಹ್ಯಾಶ್ ತನ್ನಿ. 32 ಬಿಟ್ ಹ್ಯಾಶ್ ಕೊಡಬಲ್ಲ ಬೇರೆ ಬೇರೆ ಉತ್ತರಗಳು ಸುಮಾರು 429 ಕೋಟಿ. ನಿಮ್ಮ ಹತ್ತಿರ ಒಂದು ಲಕ್ಷ ಫೈಲ್ ಇವೆ ಎನ್ನಿ. 429 ಕೋಟಿ ಎದುರಿಗೆ ಒಂದು ಲಕ್ಷ ಏನು ಮಹಾ, ಅಲ್ವಾ? ಆದರೆ ಜೋಡಿಗಳು ಸುಮಾರು 500 ಕೋಟಿ. ಉತ್ತರಗಳಿಗಿಂತ ಜೋಡಿಗಳೇ ಜಾಸ್ತಿ. ಎಲ್ಲೋ ಒಂದು ಕಡೆ ಎರಡು ಫೈಲ್‌ಗಳ ಹ್ಯಾಶ್ ಒಂದೇ ಆಗುವ ಸಾಧ್ಯತೆ ಶೇಕಡಾ 69ರ ಹತ್ತಿರ. ಅದೇ ಒಂದು ಲಕ್ಷದಲ್ಲಿ ನಾನು ಬೆರಳಿಟ್ಟು ತೋರಿಸಿದ ಒಂದು ಫೈಲ್‌ಗೆ ಜೋಡಿ ಸಿಗುವ ಸಾಧ್ಯತೆ ಸುಮಾರು 43,000ದಲ್ಲಿ ಒಂದು.

ನಂಬಿಕೆ ಬರದಿದ್ದರೆ SHA-256 ಎಂಬ 256 ಬಿಟ್ ಹ್ಯಾಶ್ ಕೊಡುವ ಉತ್ತರದ ಮೊದಲ 8 ಹೆಕ್ಸ್ ಅಕ್ಷರಗಳನ್ನು, ಅಂದರೆ 32 ಬಿಟ್ ಮಾತ್ರ, ಇಟ್ಟುಕೊಂಡು ಇದನ್ನು ಓಡಿಸಿ:

```python
import hashlib
seen, i = {}, 0
while True:
    h = hashlib.sha256(str(i).encode()).hexdigest()[:8]
    if h in seen:
        print(seen[h], i, h)
        break
    seen[h] = i
    i += 1
```

ಇಂಥ ಹುಡುಕಾಟಕ್ಕೆ ಸರಾಸರಿ 82,000 ಸುತ್ತು ಸಾಕು. ಉತ್ತರಗಳ ಸಂಖ್ಯೆಯ ವರ್ಗಮೂಲ 65,536. ಅದರ ಒಂದೂಕಾಲು ಪಟ್ಟು. n ಬಿಟ್ ಇದ್ದರೆ ವರ್ಗಮೂಲ 2^(n/2). ಬಿಟ್ ಲೆಕ್ಕದಲ್ಲಿ ಸರಿಯಾಗಿ ಅರ್ಧ.

'ಯಾವುದೋ ಎರಡು ಕಸದಂಥ ಫೈಲ್ ಹೊಂದಿದರೆ ಕಳ್ಳನಿಗೇನು ಲಾಭ' ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಿಡಿಯನ್ ಯುವಾಲ್ 1979ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಡಿಜಿಟಲ್ ಸಹಿ ಬೀಳುವುದು ಇಡೀ ಪತ್ರದ ಮೇಲಲ್ಲ, ಅದರ ಹ್ಯಾಶ್ ಮೇಲೆ. ಹ್ಯಾಶ್ 64 ಬಿಟ್ ಎಂದಿಟ್ಟುಕೊಳ್ಳಿ. ಕಳ್ಳ ಎರಡು ಕರಾರುಪತ್ರ ಬರೆಯುತ್ತಾನೆ. ಒಂದು ನೀವು ಸಂತೋಷದಿಂದ ಸಹಿ ಹಾಕುವಂಥದ್ದು, ಇನ್ನೊಂದು ನಿಮ್ಮನ್ನು ಮುಳುಗಿಸುವಂಥದ್ದು. ಎರಡರಲ್ಲೂ ಅರ್ಥ ಕೆಡದಂತೆ ಬದಲಿಸಬಹುದಾದ 32 ಜಾಗ ಹುಡುಕುತ್ತಾನೆ: ಇಲ್ಲೊಂದು ಅಲ್ಪವಿರಾಮ, ಅಲ್ಲೊಂದು ಹೆಚ್ಚುವರಿ ಖಾಲಿ ಜಾಗ, 'ಕೂಡ' ಇದ್ದಲ್ಲಿ 'ಸಹ'. ಒಂದೊಂದು ಜಾಗದಲ್ಲೂ ಎರಡು ಆಯ್ಕೆ ಇದ್ದರೆ ಒಳ್ಳೆಯ ಪತ್ರಕ್ಕೆ 2^32 ರೂಪ, ಕೆಟ್ಟದ್ದಕ್ಕೂ 2^32 ರೂಪ. ಒಳ್ಳೆಯದಕ್ಕೊಂದು ಕೆಟ್ಟದ್ದು ಜೋಡಿಸಿದರೆ 2^64 ಜೋಡಿ. ಒಂದಾದರೂ ಹೊಂದುವ ಸಾಧ್ಯತೆ ಶೇಕಡಾ 63. ಹೊಂದಿದ ಒಳ್ಳೆಯ ಪತ್ರಕ್ಕೆ ನಿಮ್ಮಿಂದ ಸಹಿ ಹಾಕಿಸಿಕೊಳ್ಳುತ್ತಾನೆ, ಸಹಿಯನ್ನು ಕೆಟ್ಟದ್ದಕ್ಕೆ ಅಂಟಿಸುತ್ತಾನೆ. ಪರಿಶೀಲಿಸಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಗಮನಿಸಿ, ಇಲ್ಲಿ ಎರಡೂ ಪತ್ರ ಬರೆದವನು ಕಳ್ಳನೇ. ನೀವು ಬರೆದು ಸಹಿ ಹಾಕಿದ ಪತ್ರಕ್ಕೆ ಆಮೇಲೆ ಜೋಡಿ ಹುಡುಕಲು ಹೊರಟರೆ ಅವನು ಮತ್ತೆ 2^64ಕ್ಕೇ ಬಂದು ನಿಲ್ಲುತ್ತಾನೆ. ಬೇರೆಯವರು ಕೊಟ್ಟ ಪತ್ರಕ್ಕೆ ಸಹಿ ಹಾಕುವ ಮೊದಲು ನಿಮಗೆ ತೋಚಿದ ಒಂದು ಸಣ್ಣ ಬದಲಾವಣೆ ಮಾಡಿ ಎಂಬ ಹಳೆಯ ಸಲಹೆ ಹುಟ್ಟಿದ್ದು ಇದರಿಂದಲೇ. ಅವನು ಹೊಂದಿಸಿಟ್ಟ ಜೋಡಿ ಅಲ್ಲಿಗೆ ಮುರಿಯುತ್ತದೆ.

'ಅಷ್ಟೆಲ್ಲ ಹ್ಯಾಶ್ ಇಟ್ಟುಕೊಳ್ಳಲು ಮೆಮೊರಿ ಎಲ್ಲಿದೆ' ಎಂಬ ವಾದವನ್ನೂ ಕೇಳಿದ್ದೇನೆ. ಅದನ್ನು ನೆಚ್ಚಿಕೊಳ್ಳಬೇಡಿ. ಬಂದ ಹ್ಯಾಶ್‌ಗೇ ಮತ್ತೆ ಹ್ಯಾಶ್ ಮಾಡುತ್ತಾ ಹೋದರೆ ಆ ಸರಪಳಿ ಒಂದು ಹಂತದಲ್ಲಿ ಹಳೆಯ ಉತ್ತರಕ್ಕೇ ಬಂದು ಸುತ್ತತೊಡಗುತ್ತದೆ. ಸರಪಳಿ ಆ ಸುತ್ತಿನೊಳಗೆ ಬಂದು ಸೇರುವ ಜಾಗದಲ್ಲೇ ಕೊಲಿಷನ್ ಇರುತ್ತದೆ. ಅದನ್ನು ಹಿಡಿಯಲು ಎರಡು ಮೌಲ್ಯ ನೆನಪಿದ್ದರೂ ಸಾಕು, ಕೆಲಸ ಮಾತ್ರ ಕೆಲವು ಪಟ್ಟು ಹೆಚ್ಚುತ್ತದೆ.

ಹಾಗಾಗಿ ಉದ್ದ ನಿರ್ಧರಿಸುವಾಗ ಲೆಕ್ಕವನ್ನು ತಿರುಗಿಸಿ ಹಾಕುತ್ತಾರೆ. ಕಳ್ಳನ ಕೈಯಲ್ಲಿ 2^128 ಸಲ ಕೆಲಸ ಮಾಡಿಸಬೇಕೆಂದರೆ ಹ್ಯಾಶ್ 256 ಬಿಟ್ ಇರಬೇಕು. SHA-256 ಅನ್ನು 128 ಬಿಟ್ ಕೀ ಇರುವ AES ಎಂಬ ಗೂಢಲಿಪಿ ವಿಧಾನದ ಜೊತೆ ಸಮವಾಗಿ ತೂಗುವುದು ಈ ಕಾರಣಕ್ಕೆ. MD5 ಎಂಬ 128 ಬಿಟ್‌ನ ಹಳೆಯ ಹ್ಯಾಶ್‌ನ ಒಳಗೆ ಯಾವ ದೋಷ ಇಲ್ಲದಿದ್ದರೂ 2^64ಕ್ಕೆ ಕೈಚೆಲ್ಲುತ್ತಿತ್ತು. 2004ರಲ್ಲಿ ಅದರ ಕೊಲಿಷನ್ ತೋರಿಸಿದ್ದು ಒಳಗಿನ ದೋಷ ಹಿಡಿದು. ಅದನ್ನೂ ಬರ್ತ್‌ಡೇ ಅಟ್ಯಾಕ್ ಎಂದು ಕರೆಯುವವರಿದ್ದಾರೆ. 2^(n/2) ಎನ್ನುವುದು ಎಷ್ಟೇ ಒಳ್ಳೆಯ ಹ್ಯಾಶ್‌ಗೂ ಇರುವ ಮಿತಿ. ದೋಷ ಇದ್ದರೆ ಅದಕ್ಕಿಂತಲೂ ಬೇಗ ಬೀಳುತ್ತದೆ.

ಈ ಅರ್ಧದ ಲೆಕ್ಕ ಎಲ್ಲ ಕಡೆಗೂ ಇಲ್ಲ. ಪಾಸ್‌ವರ್ಡ್ ಹುಡುಕುವವನಿಗೆ ಕೈಯಲ್ಲಿರುವ ಹ್ಯಾಶ್‌ಗೇ ಉತ್ತರ ಬೇಕು, ಯಾವುದೋ ಎರಡು ಹೊಂದಿದರೆ ಅವನಿಗೆ ಉಪಯೋಗವಿಲ್ಲ. ಅಲ್ಲಿ ಸೋಲುವುದು ಪಾಸ್‌ವರ್ಡ್ ಸುಲಭವಾಗಿರುವುದಕ್ಕೆ, ಹ್ಯಾಶ್ ಗಿಡ್ಡವಾಗಿರುವುದಕ್ಕಲ್ಲ. ಮೋಸ ಮಾಡುವವರೇ ಇಲ್ಲದ ಕಡೆ ಕಡಿಮೆ ಉದ್ದವೂ ನಡೆಯುತ್ತದೆ. ನಿಮ್ಮದೇ 60 ಲಕ್ಷ ಫೋಟೋಗಳನ್ನು 64 ಬಿಟ್ ಹ್ಯಾಶ್‌ನಿಂದ ಗುರುತಿಸಿದರೆ ಎಲ್ಲೋ ಒಂದು ಕೊಲಿಷನ್ ಆಗುವ ಸಾಧ್ಯತೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಆ ಫೋಟೋಗಳನ್ನು ಹೊರಗಿನವರೂ ಹಾಕಬಹುದು ಎಂದಾದ ದಿನ ಈ ಲೆಕ್ಕ ಬಿಡಿ. ಬೇಕೆಂದೇ ಒಂದು ಜೋಡಿ ಹುಟ್ಟಿಸಲು ಅವರಿಗೆ 2^32ರ ಆಸುಪಾಸಿನ ಕೆಲಸ ಸಾಕು, ಮಾಮೂಲಿ ಕಂಪ್ಯೂಟರ್‌ನಿಂದಲೂ ಅದು ಆಗುತ್ತದೆ.