ಮಾರಲು ಒತ್ತಿದರೂ ಮಾರಾಟವಾಗದ ಷೇರು: ಸರ್ಕ್ಯೂಟ್ ಮಿತಿ ಬಂದ ದಾರಿ

ನಮ್ಮ ಭಾವ ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. 2018ರಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡಿ, ‘ಏನಯ್ಯಾ ಇದು, ಮಾರೋಕೆ ಒತ್ತಿ ಒತ್ತಿ ಬೆರಳು ಸವೀತು, ಒಂದೂ ಹೋಗ್ತಿಲ್ವಲ್ಲ’ ಅಂದರು. ಅವರ ಹತ್ತಿರ ಒಂದು ಸಣ್ಣ ಕಂಪನಿಯ 500 ಷೇರು ಇದ್ದವು. ಬೆಲೆ ಇಳಿಯುತ್ತಿದೆ, ಸರಿ. ಆದರೆ ಇಳಿದ ಬೆಲೆಗೂ ಯಾಕೆ ಮಾರಾಟವಾಗುತ್ತಿಲ್ಲ ಅನ್ನುವುದು ಅವರ ತಕರಾರು. ಮೊಬೈಲ್ ಕೆಟ್ಟಿದೆಯೇನೋ ಅಂತ ಮಗಳ ಮೊಬೈಲಿನಿಂದಲೂ ಪ್ರಯತ್ನ ಮಾಡಿದ್ದರಂತೆ.

ಮೊಬೈಲ್ ಕೆಟ್ಟಿರಲಿಲ್ಲ. ಷೇರು ಲೋವರ್ ಸರ್ಕ್ಯೂಟಿಗೆ ಬಿದ್ದಿತ್ತು.

ಸರ್ಕ್ಯೂಟ್ ಅಂದರೆ ಒಂದು ದಿನಕ್ಕೆ ಒಂದು ಷೇರಿನ ಬೆಲೆ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಅನ್ನುವ ಗಡಿ. ಲೆಕ್ಕ ಹಿಂದಿನ ದಿನದ ಮುಕ್ತಾಯದ ಬೆಲೆಯಿಂದ ಶುರುವಾಗುತ್ತದೆ. ಶೇ 2, 5, 10 ಇಲ್ಲವೇ 20, ಹೀಗೆ ಪ್ರತಿ ಷೇರಿಗೂ ಒಂದು ಗಡಿಯನ್ನು ಎಕ್ಸ್‌ಚೇಂಜ್ ನಿಗದಿ ಮಾಡಿರುತ್ತದೆ. ಗಡಿಯ ಆಚೆಗಿನ ಬೆಲೆ ಹಾಕಿದರೆ ಆರ್ಡರನ್ನು ಕಂಪ್ಯೂಟರ್ ತಗೊಳ್ಳುವುದೇ ಇಲ್ಲ. ಇಲ್ಲಿ ತುಂಬಾ ಜನ ತಪ್ಪು ತಿಳಿಯುವುದು ಒಂದಿದೆ. ಸರ್ಕ್ಯೂಟ್ ಮುಟ್ಟಿದ ಮಾತ್ರಕ್ಕೆ ಆ ಷೇರಿನ ವ್ಯಾಪಾರ ನಿಲ್ಲುವುದಿಲ್ಲ. ಆ ಬೆಲೆಗೆ ಕೊಳ್ಳುವವನು ಬಂದರೆ ಈಗಲೂ ವ್ಯಾಪಾರ ಆಗುತ್ತದೆ. ಅವನು ಬರುವುದಿಲ್ಲ, ಅಷ್ಟೇ.

ಯಾಕೆ ಬರುವುದಿಲ್ಲ ಅನ್ನುವುದು ಭಾವನಿಗೆ ಷೇರಿನ ಭಾಷೆಯಲ್ಲಿ ಹೇಳಿದಾಗ ತಲೆಗೆ ಹೋಗಲಿಲ್ಲ. ಬೆಲ್ಲದ ಭಾಷೆಯಲ್ಲಿ ಹೇಳಿದ ಮೇಲೆ ಹೋಯಿತು. ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ನಿನ್ನೆ ಅಚ್ಚು ಬೆಲ್ಲ ಕ್ವಿಂಟಾಲಿಗೆ 4,000 ರೂಪಾಯಿ ಇತ್ತು ಅನ್ನಿ. ಹೊರಗಿನ ಊರುಗಳಲ್ಲಿ ರಾತ್ರೋರಾತ್ರಿ ದರ ಬಿದ್ದು, ನಿಜವಾದ ಬೆಲೆ 3,400 ಅಂತ ಎಲ್ಲ ವ್ಯಾಪಾರಿಗಳಿಗೂ ಗೊತ್ತಾಗಿದೆ. ಆದರೆ ದಿನಕ್ಕೆ ಶೇ 5ಕ್ಕಿಂತ ಕೆಳಗೆ ಕೂಗುವಂತಿಲ್ಲ ಅಂತ ಯಾರೋ ನಿಯಮ ಮಾಡಿದ್ದಾರೆ. ಇವತ್ತಿನ ಕಡಿಮೆ ಬೆಲೆ 3,800. ನಾಳೆ 3,610. ನಾಡಿದ್ದು 3,430ರ ಹತ್ತಿರ. ಇದನ್ನು ಲೆಕ್ಕ ಹಾಕಬಲ್ಲ ಯಾವ ವ್ಯಾಪಾರಿ ಇವತ್ತು 3,800 ಕೊಡುತ್ತಾನೆ? ಟೀ ಕುಡಿದುಕೊಂಡು ಮೂರು ದಿನ ಕಾಯುತ್ತಾನೆ. ಆಲೆಮನೆಯವರ ಗಾಡಿಗಳು ಮಾತ್ರ ಸಾಲಾಗಿ ನಿಂತಿರುತ್ತವೆ. 3,400 ಅಂತ ಕೂಗಲು ಬಿಟ್ಟಿದ್ದರೆ ಮೊದಲ ದಿನವೇ ಬೆಲ್ಲ ಹೋಗುತ್ತಿತ್ತು, ನಷ್ಟಕ್ಕೇ ಇರಲಿ.

‘ಅಂದ್ರೆ ಬೆಲೆ ಬೀಳಬಾರದು ಅಂತ ಹಾಕಿದ ಬೇಲಿ, ಕೊಳ್ಳೋನನ್ನೇ ಓಡಿಸ್ತು ಅನ್ನು’ ಅಂದರು ಭಾವ. ಅಷ್ಟೇ ವಿಷಯ.

ಹಾಗಾದರೆ ಈ ಬೇಲಿ ಯಾಕೆ ಬಂತು? 90ರ ದಶಕದ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು: 1992ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಗೆ ಕಾನೂನಿನ ಬಲ, ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ, 1994ರಲ್ಲಿ ಎನ್‌ಎಸ್‌ಇಯ ಕಂಪ್ಯೂಟರ್ ವ್ಯಾಪಾರ, ಈ ನಡುವೆ ಬೆಲೆಗೆ ಕಡಿವಾಣ ಹಾಕುವ ಹಲವು ಪ್ರಯೋಗಗಳು. ಈಗಿನ ರೂಪ ಬಂದದ್ದು 2001ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಪೇಟೆ ಕುಸಿದು, ಇನ್ನೊಂದು ಹಗರಣ ಹೊರಬಿತ್ತು. ಕೊಂಡ ಷೇರಿನ ಲೆಕ್ಕ ಚುಕ್ತಾ ಮಾಡದೆ ಬಡ್ಡಿ ಕೊಟ್ಟು ಮುಂದಕ್ಕೆ ದಾಟಿಸುವ ಬದ್ಲಾ ವ್ಯವಹಾರ ಜುಲೈ 2ರಿಂದ ನಿಂತಿತು. ಇಡೀ ಮಾರುಕಟ್ಟೆಗೆ ಸೂಚ್ಯಂಕದ ಲೆಕ್ಕದಲ್ಲಿ ಶೇ 10, 15, 20ರ ತಡೆ ಬಂತು. ಬಿಡಿ ಷೇರುಗಳಿಗೆ ಶೇ 20ರ ಗಡಿ. ಜೊತೆಗೆ ಒಂದು ವಿನಾಯಿತಿಯೂ ಬಂತು: ಯಾವ ಷೇರಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಎಂಬ ಮುಂದಿನ ದಿನಾಂಕದ ಒಪ್ಪಂದಗಳ ವ್ಯಾಪಾರ ಇದೆಯೋ ಅದಕ್ಕೆ ಈ ಗಡಿ ಇಲ್ಲ.

ಈ ವಿನಾಯಿತಿಯೇ ಷೇರುಗಳನ್ನು ಎರಡು ಜಾತಿ ಮಾಡಿತು ಅನ್ನಬೇಕು. ಸತ್ಯಂ ಕಂಪ್ಯೂಟರ್ಸ್ ನೆನಪಿದೆಯಲ್ಲ? 2009ರ ಜನವರಿ 7ರಂದು ಲೆಕ್ಕದ ಮೋಸ ಹೊರಬಂದ ದಿನ ಆ ಷೇರು 179ರ ಆಸುಪಾಸಿನಿಂದ 40 ರೂಪಾಯಿಗೆ ಬಂತು. ಒಂದೇ ದಿನದಲ್ಲಿ. ಅದು ಆಪ್ಷನ್ಸ್ ಇದ್ದ ಷೇರು, ಹಾಗಾಗಿ ತಡೆ ಇರಲಿಲ್ಲ. ಘೋರ ನಷ್ಟ ನಿಜ, ಆದರೆ ಅವತ್ತು ಮಾರಬೇಕು ಅಂದವರು ಮಾರಿದರು, ಯಾಕೆಂದರೆ 40ಕ್ಕೆ ಕೊಳ್ಳುವವರಿದ್ದರು. ಅದೇ ಷೇರಿಗೆ ಶೇ 5ರ ಗಡಿ ಇದ್ದಿದ್ದರೆ 40ಕ್ಕೆ ಬರಲು ಸುಮಾರು 30 ವ್ಯಾಪಾರದ ದಿನ ಬೇಕಾಗುತ್ತಿತ್ತು. ಒಂದೂವರೆ ತಿಂಗಳು. ಈಗ ಇಂಥ ಷೇರುಗಳಿಗೂ ಶೇ 10ರ ಒಂದು ಗಡಿ ಇದೆ, ಆದರೆ ಅದು ಬೇಡಿಕೆ ನೋಡಿಕೊಂಡು ಅದೇ ದಿನ ಸಡಿಲವಾಗುವಂಥದ್ದು.

ಭಾವನಂಥವರ ಕೈಯಲ್ಲಿರುವುದು ಎರಡನೇ ಜಾತಿಯ ಷೇರು. ಇಲ್ಲಿ ಕಥೆ ಬಿಗಿಯಾದದ್ದು 2017, 2018ರಲ್ಲಿ. ಆಗ ಸಣ್ಣಪುಟ್ಟ ಕಂಪನಿಗಳ ಷೇರುಗಳು ಕಾರಣವಿಲ್ಲದೆ ಗಾಳಿಪಟದಂತೆ ಏರುತ್ತಿದ್ದವು. ಎಸ್ಸೆಮ್ಮೆಸ್ ನೋಡಿ ಕೊಳ್ಳುವವರ ಕಾಲ. ಅದಕ್ಕೆ ಮದ್ದಾಗಿ 2017ರಲ್ಲಿ ‘ಜಿಎಸ್‌ಎಂ’, 2018ರಲ್ಲಿ ‘ಎಎಸ್‌ಎಂ’ ಎಂಬ ನಿಗಾ ಪಟ್ಟಿಗಳು ಬಂದವು. ಪಟ್ಟಿಗೆ ಬಿದ್ದ ಷೇರಿನ ಗಡಿ ಕಿರಿದಾಗುತ್ತದೆ. ಕೆಲವನ್ನು ಟ್ರೇಡ್ ಟು ಟ್ರೇಡ್‌ಗೆ ಹಾಕುತ್ತಾರೆ, ಅಂದರೆ ಇವತ್ತು ಕೊಂಡದ್ದನ್ನು ಇವತ್ತೇ ಮಾರಿ ಲೆಕ್ಕ ಚುಕ್ತಾ ಮಾಡುವಂತಿಲ್ಲ. ದಿನದ ವ್ಯಾಪಾರಿಗಳು ಅಲ್ಲಿಗೇ ಕಾಲು ಕೀಳುತ್ತಾರೆ. ಜಿಎಸ್‌ಎಂನ ಮೇಲಿನ ಹಂತಗಳಲ್ಲಂತೂ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಮಾತ್ರ ವ್ಯಾಪಾರ ಅನ್ನುವ ನಿಯಮ ಇತ್ತು. ಕೊಳ್ಳುವವನು ಷೇರಿನ ಬೆಲೆಯ ಮೇಲೆ ಹೆಚ್ಚುವರಿ ಠೇವಣಿ ಬೇರೆ ಇಡಬೇಕಿತ್ತು.

ಠೇವಣಿ ಯಾರಿಗೆ ನೋಡಿ. ಕೊಳ್ಳುವವನಿಗೆ. ಹೊಸಬರು ಬಲೆಗೆ ಬೀಳದಿರಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಈಗಾಗಲೇ ಒಳಗಿದ್ದವನು ಹೊರಬರಬೇಕಾದರೆ ಅವನಿಗೆ ಬೇಕಾದದ್ದು ಆ ಹೊಸ ಕೊಳ್ಳುವವನೇ ಅಲ್ವಾ?

2017ರ ಆಗಸ್ಟ್ 7ರ ರಾತ್ರಿ ಇದು ಅತಿರೇಕಕ್ಕೆ ಹೋಯಿತು. ಖೊಟ್ಟಿ ಕಂಪನಿಗಳೆಂಬ ಅನುಮಾನದ ಮೇಲೆ ಸೆಬಿಯಿಂದ 331 ಕಂಪನಿಗಳ ಪಟ್ಟಿ ಹೊರಬಂತು, ವ್ಯಾಪಾರ ತಿಂಗಳಿಗೊಮ್ಮೆ ಅಂತಾಯಿತು. ಪಟ್ಟಿಯಲ್ಲಿ ನಿಜವಾಗಿ ಕಾರ್ಖಾನೆ, ಕಾಮಗಾರಿ ನಡೆಸುತ್ತಿದ್ದ ಕಂಪನಿಗಳೂ ಇದ್ದವು. ಅವುಗಳಲ್ಲಿ ಕೆಲವು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ ಮೂರೇ ದಿನದಲ್ಲಿ ತಡೆಯಾಜ್ಞೆ ತಂದವು. ಕಂಪನಿಗೆ ವಕೀಲರಿದ್ದರು. ಷೇರುದಾರನಿಗೆ?

ಈಗ ಭಾವನ ಲೆಕ್ಕಕ್ಕೆ ಬರೋಣ. ಅವರ ಷೇರು ಆರಂಭದಲ್ಲಿ ಶೇ 20ರ ಗಡಿಯಲ್ಲಿತ್ತು. 60 ರೂಪಾಯಿಯಿಂದ ದಡದಡನೆ ಏರಿತು. ಏರುವಾಗ ಎಕ್ಸ್‌ಚೇಂಜ್ ಗಡಿಯನ್ನು 10ಕ್ಕೆ, ಆಮೇಲೆ 5ಕ್ಕೆ ಇಳಿಸಿ, ಟ್ರೇಡ್ ಟು ಟ್ರೇಡ್‌ಗೆ ಸೇರಿಸಿತು. ಭಾವ ಕೊಂಡದ್ದು 118ರಲ್ಲಿ. 140 ಮುಟ್ಟಿತು. ಆಮೇಲೆ ಕಂಪನಿಯ ಬಗ್ಗೆ ಒಂದು ಕೆಟ್ಟ ಸುದ್ದಿ. ಗಮನಿಸಿ, ಏರಲು ಶುರು ಮಾಡಿದ್ದು ಶೇ 20ರ ಮೆಟ್ಟಿಲಲ್ಲಿ, ಇಳಿಯಬೇಕಾದದ್ದು ಶೇ 5ರ ಮೆಟ್ಟಿಲಲ್ಲಿ. ಏರುವಾಗ ಬಾಗಿಲು ಅಗಲ, ಇಳಿಯುವಾಗ ಕಿಂಡಿ.

ಮೊದಲ ದಿನ 133. ಭಾವ ಆರ್ಡರ್ ಪುಸ್ತಕ ತೋರಿಸಿದಾಗ ಮಾರುವವರ ಕಡೆ 6,40,000 ಷೇರು, ಕೊಳ್ಳುವವರ ಕಡೆ ಸೊನ್ನೆ. ಇಡೀ ದಿನ ಕೈ ಬದಲಾದದ್ದು 11,000. ಎಲ್ಲರೂ ಒಂದೇ ಬೆಲೆಗೆ ನಿಂತಾಗ ಮೊದಲು ಬಂದವನಿಗೆ ಮೊದಲು ಅನ್ನುವುದೇ ನಿಯಮ. ಭಾವ ಕಾಫಿ ಕುಡಿದು, ಪೇಪರ್ ಓದಿ, ಒಂಬತ್ತು ಇಪ್ಪತ್ತಕ್ಕೆ ಆರ್ಡರ್ ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಷೇರು ಅವರ ಮುಂದೆ ನಿಂತಾಗಿತ್ತು. ಹಿಂದಿನ ಸಂಜೆಯೇ ಬ್ರೋಕರ್ ಹತ್ತಿರ ಆರ್ಡರ್ ಬಿಟ್ಟವರದ್ದು ಬಾಗಿಲು ತೆಗೆದ ಕೂಡಲೇ ಹೋಗುತ್ತದೆ. ಇನ್ನೊಂದು ಸಂಕಟ, ಮೂರೂವರೆಗೆ ಎಲ್ಲರ ಆರ್ಡರೂ ರದ್ದು. ಇವತ್ತು ಸಾಲಿನಲ್ಲಿ ಹತ್ತನೆಯವನಾಗಿದ್ದರೂ ನಾಳೆ ಮತ್ತೆ ಕೊನೆಯಿಂದ ಶುರು.

133, 126, 120, 114, 108, 103, 98, 93, 88. ಒಂಬತ್ತು ದಿನ. ಭಾವ ಮೂರನೇ ದಿನದಿಂದ ಆರ್ಡರನ್ನು ಸಂಜೆಯೇ ಹಾಕಿಡಲು ಕಲಿತರು, ಆದರೂ ಸಿಗಲಿಲ್ಲ. ಸಾಲು ಕರಗುತ್ತಿದೆಯೇ ಅಂತ ತಿಳಿಯಲು ನೋಡಬೇಕಾದದ್ದು ಬೆಲೆಯನ್ನಲ್ಲ, ಬಾಕಿ ನಿಂತ ಷೇರಿನ ಸಂಖ್ಯೆ ಮತ್ತು ಆ ದಿನದ ವ್ಯಾಪಾರ. ಆರು ಲಕ್ಷ ನಿಂತಿದ್ದು ಹನ್ನೊಂದು ಸಾವಿರ ಹೋದರೆ ಕಾಯುವುದೇ ಗತಿ. ಏಳನೇ ದಿನ ಬಾಕಿ ಎರಡು ಲಕ್ಷಕ್ಕೆ ಇಳಿದಿತ್ತು, ವ್ಯಾಪಾರ 70,000 ದಾಟಿತ್ತು. ಯಾರೋ ಕೊಳ್ಳಲು ಶುರು ಮಾಡಿದ್ದರು.

ಕೆಟ್ಟ ಕಂಪನಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2023ರ ಆಗಸ್ಟ್ 21ರಂದು ರಿಲಯನ್ಸ್‌ನಿಂದ ಬೇರೆಯಾದ ಜಿಯೊ ಫೈನಾನ್ಶಿಯಲ್ ಪೇಟೆಗೆ ಬಂತು. ಮೊದಲ ಹತ್ತು ದಿನ ಟ್ರೇಡ್ ಟು ಟ್ರೇಡ್, ಶೇ 5ರ ಗಡಿ. ಸೂಚ್ಯಂಕವನ್ನು ಅನುಸರಿಸುವ ಫಂಡುಗಳು ಇದನ್ನು ಮಾರಲೇಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಬೆಲ್ಲದ ವ್ಯಾಪಾರಿಯ ಹಾಗೆ ಕೊಳ್ಳುವವರು ಕಾದರು. ಮೊದಲ ಕೆಲವು ದಿನ ಲೋವರ್ ಸರ್ಕ್ಯೂಟ್ ಮುಟ್ಟುತ್ತಿದ್ದುದರಿಂದ ಅದನ್ನು ಸೂಚ್ಯಂಕದಿಂದ ತೆಗೆಯುವ ದಿನವನ್ನೇ ಮುಂದೂಡಬೇಕಾಯಿತು. ಅಷ್ಟು ದೊಡ್ಡ ಕಂಪನಿಗೇ ಈ ಗತಿ.

ಹತ್ತನೇ ದಿನ ಬೆಳಿಗ್ಗೆ ಭಾವನ ಷೇರಿನ ಸರ್ಕ್ಯೂಟ್ ಒಡೆಯಿತು. 90ಕ್ಕೆ ಅವರ 500 ಷೇರೂ ಹೋದವು. 59,000 ಹಾಕಿದ್ದಕ್ಕೆ 45,000 ಬಂತು. ಮಧ್ಯಾಹ್ನ ಅದೇ ಷೇರು 92 ಆಯಿತು. ‘ಇನ್ನೊಂದು ಗಂಟೆ ಕಾಯಬೇಕಿತ್ತು ಕಣಯ್ಯ’ ಅಂದರು ಭಾವ, ಒಂಬತ್ತು ದಿನ ಕಾದವರು.