ರ್‍ಯಾಪಿಡ್ ಟ್ರಾಂಕ್ವಿಲೈಸೇಶನ್: ರೋಗಿ ಸುಮ್ಮನಾದ ಮೇಲೂ ಉಸಿರು ಎಣಿಸುವುದು ಯಾಕೆ?

ತುರ್ತು ವಿಭಾಗಕ್ಕೆ ಬಂದ ರೋಗಿ ಕೆಲವೊಮ್ಮೆ ಯಾರ ಮಾತಿಗೂ ಬಗ್ಗುವುದಿಲ್ಲ. ಮಾತ್ರೆ ಕೊಟ್ಟರೆ ಉಗಿಯುತ್ತಾನೆ, ಹತ್ತಿರ ಹೋದವರ ಮೇಲೆ ಕೈ ಎತ್ತುತ್ತಾನೆ. ಆಗ ತೊಡೆಗೋ ತೋಳಿಗೋ ಇಂಜೆಕ್ಷನ್ ಕೊಟ್ಟು ಬೇಗ ಶಾಂತಗೊಳಿಸುವುದಕ್ಕೆ ರ್‍ಯಾಪಿಡ್ ಟ್ರಾಂಕ್ವಿಲೈಸೇಶನ್ ಅನ್ನುತ್ತಾರೆ. ಮಿಡಾಜೋಲಮ್, ಲೋರಾಜೆಪಾಮ್, ಹ್ಯಾಲೊಪೆರಿಡಾಲ್, ಒಲಾಂಜಪೈನ್ ಇದಕ್ಕೆ ಬಳಸುವ ಔಷಧಿಗಳು. ಗುರಿ ಗಾಢವಾಗಿ ಮಲಗಿಸುವುದಲ್ಲ. ಕರೆದರೆ ಕಣ್ಣು ತೆರೆಯುವಷ್ಟು ಎಚ್ಚರ ಇರಬೇಕು.

ಒಂದು ಉದಾಹರಣೆ ನೋಡಿ. ಚೆನ್ನಾಗಿ ಕುಡಿದು ಬಂದ ಒಬ್ಬನಿಗೆ 5 ಮಿಲಿಗ್ರಾಂ ಮಿಡಾಜೋಲಮ್ ಕೊಟ್ಟರು. 8 ನಿಮಿಷ ಆದರೂ ಕೂಗಾಟ ನಿಲ್ಲಲಿಲ್ಲ, ಇನ್ನೊಂದು 5 ಕೊಟ್ಟರು. ಎಡವಟ್ಟು ಆಗುವುದು ಇಲ್ಲೇ. ಸ್ನಾಯುವಿಗೆ ಕೊಟ್ಟ ಔಷಧಿ ರಕ್ತಕ್ಕೆ ಸೇರಿ ಕೆಲಸ ಶುರು ಮಾಡಲು 15 ನಿಮಿಷವೂ ಬೇಕಾಗಬಹುದು, ಪೂರ್ತಿ ಜೋರು ಕಾಣಿಸುವುದು ಅದಕ್ಕೂ ಆಮೇಲೆ. ಹಾಗಾಗಿ ಅರ್ಧ ಗಂಟೆಯ ಹೊತ್ತಿಗೆ ಎರಡು ಡೋಸೂ ಸೇರಿಕೊಳ್ಳುತ್ತವೆ, ಮೇಲಿಂದ ಹೊಟ್ಟೆಯಲ್ಲಿದ್ದ ಹೆಂಡ ಬೇರೆ ಇನ್ನೂ ರಕ್ತಕ್ಕೆ ಇಳಿಯುತ್ತಿರುತ್ತದೆ. ಮೂರೂ ಮೆದುಳಿನ ಉಸಿರಾಟದ ಕೇಂದ್ರವನ್ನು ಮಂಕು ಮಾಡುತ್ತವೆ.

ಈಗ ಅವನು ಗೊರಕೆ ಹೊಡೆಯುತ್ತಿದ್ದಾನೆ. ಎಲ್ಲರಿಗೂ ಸಮಾಧಾನ. ಆದರೆ ಆ ಗೊರಕೆ ಅಂದರೆ ನಾಲಿಗೆ ಹಿಂದಕ್ಕೆ ಜಾರಿ ಗಾಳಿಯ ದಾರಿಗೆ ಅಡ್ಡ ಬಂದಿರಬಹುದು. ಬೆರಳಿನ ಕ್ಲಿಪ್ ಆಕ್ಸಿಜನ್ 97 ತೋರಿಸುತ್ತಿದೆ ಎಂದು ನಂಬಿ ಕೂರುವಂತಿಲ್ಲ, ಅದರಲ್ಲೂ ಮೂಗಿಗೆ ಆಕ್ಸಿಜನ್ ಹಾಕಿದ್ದರೆ. ಉಸಿರು ನಿಧಾನವಾದರೂ ಆ ಸಂಖ್ಯೆ ಸುಮಾರು ಹೊತ್ತು ಇಳಿಯುವುದಿಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತಿರುತ್ತದೆ. ಅದಕ್ಕೇ ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ನಿಮಿಷಕ್ಕೆ 12ರಿಂದ 20 ಮಾಮೂಲಿ. 8 ಬಂತು, ಭುಜ ಅಲುಗಿಸಿದರೂ ಏಳಲಿಲ್ಲ ಅಂದರೆ ಗದ್ದ ಎತ್ತಿ ದಾರಿ ಬಿಡಿಸಬೇಕು, ಸಾಲದಿದ್ದರೆ ಬ್ಯಾಗ್-ಮಾಸ್ಕ್‌ನಿಂದ ಗಾಳಿ ಕೊಡಬೇಕು. ಫ್ಲುಮಾಜೆನಿಲ್ ಎಂಬ ಮದ್ದು ಮಿಡಾಜೋಲಮ್ ಪರಿಣಾಮ ತಗ್ಗಿಸುತ್ತದೆ, ಹೆಂಡದ್ದನ್ನು ಅಲ್ಲ. ದಿನಾ ನಿದ್ದೆ ಮಾತ್ರೆ ನುಂಗುವವರಿಗೆ ಅದರಿಂದ ಫಿಟ್ಸ್ ಬರುವ ಅಪಾಯವೂ ಇದೆ.

ಬಿಪಿ ಕಥೆ ಸ್ವಲ್ಪ ಬೇರೆ. ಒಲಾಂಜಪೈನ್‌ನಂಥವು ರಕ್ತನಾಳಗಳ ಬಿಗಿ ಸಡಿಲಿಸುತ್ತವೆ, ಬಿಪಿ ಕುಸಿಯುತ್ತದೆ. ಒಲಾಂಜಪೈನ್ ಇಂಜೆಕ್ಷನ್ ಜೊತೆಗೇ ಮಿಡಾಜೋಲಮ್ ಅಥವಾ ಲೋರಾಜೆಪಾಮ್ ಇಂಜೆಕ್ಷನ್ ಕೊಡಬಾರದು ಎನ್ನುವುದು ಇದಕ್ಕೇ, ಬಿಪಿ ಮತ್ತು ಉಸಿರು ಎರಡೂ ಒಟ್ಟಿಗೆ ಬೀಳಬಹುದು. ಮೊದಲ ಒಂದು ಗಂಟೆಯಾದರೂ 15 ನಿಮಿಷಕ್ಕೊಮ್ಮೆ ಉಸಿರು, ನಾಡಿ, ಬಿಪಿ, ಎಚ್ಚರ ನೋಡಿ ಬರೆಯುವುದು ರೂಢಿ. ಮಲಗಿದ್ದಾಗ ಬಿಪಿ ಸರಿಯಿದ್ದವನೂ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಹಾಗಾಗಿ ಎಚ್ಚರವಾಗಿ ಬಾತ್‌ರೂಮಿಗೆ ಹೋಗುತ್ತೇನೆ ಅಂದರೆ ಮೊದಲು ಮಂಚದ ಅಂಚಿನಲ್ಲಿ ಕೂರಿಸಿ, ಇನ್ನೊಮ್ಮೆ ಬಿಪಿ ನೋಡಿಯೇ ಕಳಿಸುತ್ತಾರೆ, ಅದೂ ಜೊತೆಗೆ ಒಬ್ಬರನ್ನು ಇಟ್ಟು.